ಮಾರದೆ ಉಳಿದ ಸೀರೆಗೆ ಎಷ್ಟು ಬೆಲೆ?

ಮಾರ್ಚ್ 31ರಂದು ಜವಳಿ ಅಂಗಡಿಯ ಕಪಾಟಿನಲ್ಲಿ ಉಳಿದ ಸೀರೆಗಳಿಗೆ ಎಷ್ಟು ಬೆಲೆ ಕಟ್ಟುತ್ತೀರಿ ಎನ್ನುವುದರ ಮೇಲೆ ಆ ವರ್ಷದ ಲಾಭವೂ ತೆರಿಗೆಯೂ ನಿಂತಿವೆ. ಇದಕ್ಕೊಂದು ನಿಯಮವಿದೆ: ಅಸಲು ಮತ್ತು ನಿವ್ವಳ ವಸೂಲಿ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಹಿಡಿಯಬೇಕು. ಅಸಲು ಎಂದರೆ ಖರೀದಿ ಬೆಲೆಯ ಜೊತೆಗೆ ಸರಕು ಅಂಗಡಿಗೆ ಬರುವವರೆಗಿನ ಸಾಗಣೆ ಖರ್ಚು. ಮಾರಿದರೆ ಬರಬಹುದಾದ ಹಣದಲ್ಲಿ ಕಮಿಷನ್‌ನಂಥ ಮಾರಾಟದ ಖರ್ಚು ಕಳೆದು ಉಳಿಯುವುದೇ ನಿವ್ವಳ ವಸೂಲಿ ಬೆಲೆ.

ಪಾಲುದಾರಿಕೆಯ ಅಂಗಡಿಯೊಂದನ್ನು ಊಹಿಸಿಕೊಳ್ಳಿ. ವರ್ಷದ ಆರಂಭದ ದಾಸ್ತಾನು 10 ಲಕ್ಷ, ಖರೀದಿ 50 ಲಕ್ಷ, ಮಾರಾಟ 64 ಲಕ್ಷ ರೂಪಾಯಿ. ಉಳಿದ ಸರಕಿನ ಅಸಲು 12 ಲಕ್ಷ: ರೇಷ್ಮೆ ಸೀರೆ 6 ಲಕ್ಷ, ಹತ್ತಿ ಸೀರೆ 3 ಲಕ್ಷ, ಫ್ಯಾಷನ್ ಮುಗಿದ ಸಿಂಥೆಟಿಕ್ ಸೀರೆ 3 ಲಕ್ಷ. ರೇಷ್ಮೆಯಿಂದ ಖರ್ಚು ಕಳೆದು 8 ಲಕ್ಷ, ಹತ್ತಿಯಿಂದ ಮೂರೂವರೆ ಲಕ್ಷ ಬರುತ್ತದೆ. ಸಿಂಥೆಟಿಕ್‌ಗೆ ಮಾತ್ರ ರಿಯಾಯಿತಿ ಕೊಟ್ಟರೂ 2.10 ಲಕ್ಷಕ್ಕಿಂತ ಹೆಚ್ಚು ಸಿಗದು. ಅದರಲ್ಲಿ 10 ಸಾವಿರ ಕಮಿಷನ್ ಹೋದರೆ ಉಳಿಯುವುದು 2 ಲಕ್ಷ.

ಅನೇಕರು ಎಡವುವುದು ಇಲ್ಲೇ. ಮೂರನ್ನೂ ಕೂಡಿಸಿದರೆ ವಸೂಲಿ ಬೆಲೆ 13.5 ಲಕ್ಷ, ಅಸಲಿಗಿಂತ ಹೆಚ್ಚು. ಹಾಗಾಗಿ 12 ಲಕ್ಷವೇ ಸರಿ ಎನಿಸುತ್ತದೆ. ಆದರೆ ಹೋಲಿಕೆ ಬಾಬು ಬಾಬಿಗೂ ಪ್ರತ್ಯೇಕ. ರೇಷ್ಮೆಗೆ 6, ಹತ್ತಿಗೆ 3, ಸಿಂಥೆಟಿಕ್‌ಗೆ 2. ಒಟ್ಟು 11 ಲಕ್ಷ. ರೇಷ್ಮೆಯಲ್ಲಿ ಮುಂದೆ ಬರಲಿರುವ ಲಾಭವನ್ನು ಸಿಂಥೆಟಿಕ್ ನಷ್ಟಕ್ಕೆ ವಜಾ ಹಾಕುವಂತಿಲ್ಲ. ನಿರೀಕ್ಷಿತ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಕೈಗೆ ಬಾರದ ಲಾಭವನ್ನು ತೆಗೆದುಕೊಳ್ಳಬಾರದೆಂಬ ಈ ತತ್ವವನ್ನು ಸುಪ್ರೀಂ ಕೋರ್ಟ್ 1953ರಲ್ಲೇ, ಚೈನ್‌ರೂಪ್ ಸಂಪತ್‌ರಾಂ ಪ್ರಕರಣದಲ್ಲಿ ಎತ್ತಿಹಿಡಿದಿದೆ.

ಅಂತಿಮ ದಾಸ್ತಾನು 12 ಲಕ್ಷವಾಗಿದ್ದರೆ ಒಟ್ಟು ಲಾಭ 16 ಲಕ್ಷ, ಅಂದರೆ ಮಾರಾಟದ ಶೇ. 25. ಅದು 11 ಲಕ್ಷವಾದಾಗ ಲಾಭ 15 ಲಕ್ಷಕ್ಕೆ, ಶೇ. 23.4ಕ್ಕೆ ಇಳಿಯುತ್ತದೆ. ಪಾಲುದಾರಿಕೆ ಸಂಸ್ಥೆಗೆ ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್ ಎಂದು ಹಿಡಿದರೆ ಈ ವರ್ಷ 31,200 ರೂಪಾಯಿ ಕಡಿಮೆ ಕಟ್ಟಿದರಾಯಿತು.

ಇದು ತೆರಿಗೆ ವಿನಾಯಿತಿಯಲ್ಲ. ಈ 11 ಲಕ್ಷವೇ ಮುಂದಿನ ವರ್ಷದ ಆರಂಭಿಕ ದಾಸ್ತಾನು. ಆಗ ಸಿಂಥೆಟಿಕ್ ಸೀರೆಯಿಂದ ಖರ್ಚು ಕಳೆದು ಎರಡೂವರೆ ಲಕ್ಷ ಬಂದರೆ, ಮೇಲಿನ 50 ಸಾವಿರ ಆ ವರ್ಷದ ಲಾಭಕ್ಕೆ ಸೇರಿ ತೆರಿಗೆಗೆ ಒಳಪಡುತ್ತದೆ.

ಆದ್ದರಿಂದ ಇಡೀ ದಾಸ್ತಾನಿನ ಮೇಲೆ ಸುಮ್ಮನೆ ಶೇ. 20 ಇಳಿಸಿ ಬರೆಯಬೇಡಿ. ಲಾಭದ ಪ್ರಮಾಣ ಒಮ್ಮೆಲೇ ಕುಸಿದರೆ ತೆರಿಗೆ ಅಧಿಕಾರಿ ಕಾರಣ ಕೇಳುವುದು ಸಹಜ. ಬಾಬುವಾರು ಪಟ್ಟಿ, ಖರೀದಿ ಬಿಲ್ಲು ಮತ್ತು ಏಪ್ರಿಲ್‌ನಲ್ಲಿ ಅದೇ ಸರಕನ್ನು ಇಳಿದ ಬೆಲೆಗೆ ಮಾರಿದ ಬಿಲ್ಲುಗಳನ್ನು ಜೋಪಾನವಾಗಿಡಿ.