ಯಾವ ಕಾರ್ಡ್ ತಿರುಗಿಸಬೇಕು?

ತಾರ್ಕಿಕ ಒಲಿಂಪಿಯಾಡ್‌ನ ಹಿಂದಿನ ದಿನ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ, ಮುಖ್ಯ ಶಿಕ್ಷಕಿ ನಾಲ್ಕು ರಟ್ಟಿನ ಕಾರ್ಡ್‌ಗಳನ್ನು ಮಕ್ಕಳಿಗೆ ತೋರಿಸಿದರು. ಅವುಗಳ ಮೇಲೆ ಅ, ಕ, 4, 7 ಎಂದು ಬರೆದಿತ್ತು.

“ಪ್ರತಿ ಕಾರ್ಡಿನ ಒಂದು ಬದಿಯಲ್ಲಿ ಅಕ್ಷರ, ಇನ್ನೊಂದು ಬದಿಯಲ್ಲಿ ಅಂಕಿ ಇದೆ. ಸ್ವರವಿದ್ದರೆ ಹಿಂಬದಿಯಲ್ಲಿ ಸಮಸಂಖ್ಯೆ ಇರಲೇಬೇಕು ಎಂಬುದು ನಿಯಮ. ಅದು ನಿಜವೋ ಸುಳ್ಳೋ ತಿಳಿಯಲು ಯಾವ ಯಾವ ಕಾರ್ಡ್ ತಿರುಗಿಸಬೇಕು?”

“ಅ, 4!” ಎಂದು ಹಲವರು ಒಟ್ಟಿಗೆ ಕೂಗಿದರು.

ಬ್ರಿಟಿಷ್ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1960ರ ದಶಕದಲ್ಲಿ ರೂಪಿಸಿದ ಒಗಟು ಇದು. ದೊಡ್ಡವರಲ್ಲೂ ಅನೇಕರು ಇದೇ ಉತ್ತರ ಕೊಟ್ಟು ತಪ್ಪುತ್ತಾರೆ. ನಿಯಮದಲ್ಲಿ ‘ಸ್ವರ’, ‘ಸಮಸಂಖ್ಯೆ’ ಎಂದು ಕೇಳಿದ್ದೇ ತಡ, ಕಣ್ಣು ಅ ಮತ್ತು 4ರ ಮೇಲೆ ಬೀಳುತ್ತದೆ.

“ಆತುರ ಬೇಡ ಮಕ್ಕಳೇ,” ಎಂದು ಮೇಡಂ ಮುಂದುವರಿಸಿದರು. “ಪ್ರತಿ ಕಾರ್ಡಿಗೂ ಒಂದೇ ಪ್ರಶ್ನೆ ಹಾಕಿ: ಇದರ ಹಿಂದೆ ಏನಿದ್ದರೆ ನಿಯಮ ಮುರಿಯುತ್ತದೆ? ಅ ಹಿಂದೆ ಬೆಸಸಂಖ್ಯೆ ಇದ್ದರೆ ಮುರಿಯುತ್ತದೆ, ಆದ್ದರಿಂದ ತಿರುಗಿಸಬೇಕು. ಕ ವ್ಯಂಜನ, ಅದರ ಹಿಂದೆ ಏನಿದ್ದರೂ ನಿಯಮಕ್ಕೆ ಸಂಬಂಧವಿಲ್ಲ. 4ರ ಹಿಂದೆ ವ್ಯಂಜನವಿದ್ದರೂ ತಪ್ಪಲ್ಲ, ಏಕೆಂದರೆ ಸಮಸಂಖ್ಯೆಯ ಹಿಂದೆ ಸ್ವರವೇ ಇರಬೇಕೆಂದು ಯಾರೂ ಹೇಳಿಲ್ಲ. 7ರ ಹಿಂದೆ ಸ್ವರ ಸಿಕ್ಕರೆ ಮಾತ್ರ ನಿಯಮ ಬಿದ್ದುಹೋಗುತ್ತದೆ. ಹಾಗಾಗಿ ಉತ್ತರ ಅ ಮತ್ತು 7.”

ಹಿಂದಿನ ಸಾಲಿನ ಮಕ್ಕಳಿಗೆ ಇನ್ನೂ ಅನುಮಾನವಿತ್ತು. ಮೇಡಂ ಬಸ್ಸಿನ ಉದಾಹರಣೆ ಕೊಟ್ಟರು. “ವಿದ್ಯಾರ್ಥಿ ಪಾಸ್ ತೋರಿಸುವವರು ವಿದ್ಯಾರ್ಥಿಯೇ ಆಗಿರಬೇಕು. ಕಂಡಕ್ಟರ್ ಯಾರನ್ನು ವಿಚಾರಿಸುತ್ತಾರೆ? ಪಾಸ್ ತೋರಿಸಿದವರನ್ನು, ಆಮೇಲೆ ವಿದ್ಯಾರ್ಥಿಯಲ್ಲದವರ ಕೈಯಲ್ಲಿ ಏನಿದೆ ಎಂಬುದನ್ನು. ಪೂರ್ತಿ ಟಿಕೆಟ್ ತೆಗೆದವರು ವಿದ್ಯಾರ್ಥಿಯೋ ಅಲ್ಲವೋ, ಅವರಿಗೇನು?” ಕಾರ್ಡಿನಲ್ಲಿ ಎಡವಿದವರಿಗೂ ಇದು ಕೂಡಲೇ ಹೊಳೆಯಿತು. ತರ್ಕ ಎರಡರಲ್ಲೂ ಒಂದೇ. ಬಸ್ಸಿನಲ್ಲಿ ಯಾರು ಮೋಸ ಮಾಡಬಹುದೆಂದು ನಾವು ತಾವಾಗಿಯೇ ಹುಡುಕುತ್ತೇವೆ. ಅಕ್ಷರ, ಅಂಕಿ ಬಂದಾಗ ಆ ಹುಡುಕಾಟವನ್ನು ಬೇಕೆಂದೇ ಮಾಡಬೇಕಾಗುತ್ತದೆ.

ಎಲ್ಲ ಪ್ರಶ್ನೆಗಳಲ್ಲೂ ಹೀಗೆ ಒಂದೊಂದನ್ನೇ ಪರೀಕ್ಷಿಸುತ್ತ ಕೂರಲಾಗದು ಎಂಬುದನ್ನೂ ಅವರು ಮುಚ್ಚಿಡಲಿಲ್ಲ. “ಆರು ಜನರನ್ನು ಒಂದು ಬೆಂಚಿನಲ್ಲಿ 720 ರೀತಿಯಲ್ಲಿ ಕೂರಿಸಬಹುದು. ‘ರವಿ ಎಡತುದಿಯಲ್ಲಿದ್ದಾನೆ’ ಎಂಬ ಒಂದು ಸುಳಿವು ಬಳಸಿದರೆ 120 ಉಳಿಯುತ್ತವೆ. ‘ಸೀತಾ ರವಿಯ ಪಕ್ಕದಲ್ಲಿದ್ದಾಳೆ’ ಎಂದರೆ 24. ಆದ್ದರಿಂದ ಜಾಗ ಖಚಿತಪಡಿಸುವ ಸುಳಿವನ್ನು ಮೊದಲು ಹಿಡಿಯಿರಿ. ‘ಗೀತಾ ಮೋಹನನ ಪಕ್ಕದಲ್ಲಿಲ್ಲ’ ಎಂಬಂಥವು ಆಮೇಲೆ.”

ಕೊನೆಗೆ ಅವರು ಹೇಳಿದ್ದು ರಫ್ ಹಾಳೆಯ ಬಗ್ಗೆ: “ಆರು ಖಾನೆ ಎಳೆದು ಹೆಸರು ತುಂಬಿ. ಉತ್ತರ ಬಂದ ಮೇಲೆ ಪ್ರತಿ ಸುಳಿವನ್ನೂ ಮತ್ತೆ ಓದಿ, ಖಾನೆಗಳ ಜತೆ ತಾಳೆ ನೋಡಿ. ಒಂದು ಸುಳಿವು ತಾಳೆಯಾಗದಿದ್ದರೂ ಉತ್ತರ ತಪ್ಪು. ಯಾವ ಸುಳಿವು ಎಂದು ಗೊತ್ತಾದರೆ ಅಲ್ಲಿಂದಲೇ ತಿದ್ದಬಹುದು, ಮೊದಲಿನಿಂದ ಶುರು ಮಾಡಬೇಕಿಲ್ಲ.”