ಕ್ರೂಡ್ ಆಪ್ಷನ್ ಮುಗಿದ ಮೇಲೆ ಕೈಗೆ ಬರುವುದೇನು?

ಷೇರಿನ ಮೇಲೆ ಕಾಲ್ ಆಪ್ಷನ್ ಕೊಂಡವನಿಗೂ ಕಚ್ಚಾ ತೈಲದ ಮೇಲೆ ಕಾಲ್ ಆಪ್ಷನ್ ಕೊಂಡವನಿಗೂ ಮೊದಲ ದಿನ ಒಂದೇ ಮಾತು ಹೇಳಲಾಗುತ್ತದೆ: ‘ನಿಮ್ಮ ನಷ್ಟ ಎಷ್ಟೇ ಆದರೂ ಕೊಟ್ಟ ಪ್ರೀಮಿಯಂ ಮೀರುವುದಿಲ್ಲ.’ ಆಪ್ಷನ್ ಜೀವಂತ ಇರುವಷ್ಟು ದಿನ ಇಬ್ಬರಿಗೂ ಈ ಮಾತು ನಿಜ. ಅವಧಿ ಮುಗಿದ ದಿನ ಇಬ್ಬರ ದಾರಿ ಬೇರೆಯಾಗುತ್ತದೆ. ಷೇರಿನ ಆಪ್ಷನ್ ಷೇರಾಗುತ್ತದೆ. ತೈಲದ ಆಪ್ಷನ್ ತೈಲವಾಗುವುದಿಲ್ಲ, ಅದು ಇನ್ನೊಂದು ಒಪ್ಪಂದವಾಗುತ್ತದೆ. ಅದೇ ಫ್ಯೂಚರ್ಸ್.

ಭಾರತದಲ್ಲಿ ಸರಕುಗಳ ಆಪ್ಷನ್ ವ್ಯಾಪಾರಕ್ಕೆ 1952ರ ವಾಯಿದಾ ವಹಿವಾಟು ಕಾಯ್ದೆ ಬಹುಕಾಲ ತಡೆಯಾಗಿತ್ತು. 2015ರಲ್ಲಿ ಸರಕು ಮಾರುಕಟ್ಟೆಯ ನಿಯಂತ್ರಣ ಸೆಬಿಯ ಕೈಗೆ ಬಂತು. 2017ರ ಅಕ್ಟೋಬರ್‌ನಲ್ಲಿ ಮುಂಬೈಯ ಎಂಸಿಎಕ್ಸ್‌ನಲ್ಲಿ ಚಿನ್ನದ ಆಪ್ಷನ್ ಶುರುವಾಯಿತು, ಮರುವರ್ಷ ಕಚ್ಚಾ ತೈಲದ್ದು ಬಂತು. ಎರಡನ್ನೂ ಆಯಾ ಫ್ಯೂಚರ್ಸ್ ಮೇಲೆ ಕಟ್ಟಲಾಯಿತು. ಇದಕ್ಕೆ ಕಾರಣವಿದೆ. ಷೇರಿನ ಬೆಲೆ ಕ್ಷಣಕ್ಷಣವೂ ಎಕ್ಸ್‌ಚೇಂಜ್ ಪರದೆಯ ಮೇಲೆ ಎಲ್ಲರ ಕಣ್ಣೆದುರಿಗಿರುತ್ತದೆ. ಕಚ್ಚಾ ತೈಲದ ನಗದು ಬೆಲೆ ಹಾಗಿಲ್ಲ. ತೈಲದ ಬೆಲೆ ಎಲ್ಲರಿಗೂ ಒಂದೇ ಆಗಿ ಕಾಣುವುದು ಅದರ ಫ್ಯೂಚರ್ಸ್‌ನಲ್ಲೇ. ಆಪ್ಷನ್ ಮಾರಿದವನು ತನ್ನ ಅಪಾಯ ತಗ್ಗಿಸಿಕೊಳ್ಳಬೇಕಾದರೂ ಕೊಳ್ಳಬೇಕಾದದ್ದು ಅದನ್ನೇ.

ಒಂದು ಲೆಕ್ಕ ಮಾಡಿ ನೋಡೋಣ. ಎಂಸಿಎಕ್ಸ್‌ನಲ್ಲಿ ಕಚ್ಚಾ ತೈಲದ ದೊಡ್ಡ ಲಾಟ್ ಎಂದರೆ 100 ಬ್ಯಾರೆಲ್. ಒಬ್ಬರು 6,000 ರೂಪಾಯಿ ಸ್ಟ್ರೈಕ್‌ನ ಕಾಲ್ ಒಂದನ್ನು ಬ್ಯಾರೆಲ್‌ಗೆ 100 ರೂಪಾಯಿಯಂತೆ ಕೊಂಡರು ಎನ್ನಿ. ಕೈಯಿಂದ ಹೋದದ್ದು 10,000 ರೂಪಾಯಿ. ಆಪ್ಷನ್ ಮುಗಿಯುವ ದಿನ ಫ್ಯೂಚರ್ಸ್ 6,150ಕ್ಕೆ ನಿಂತಿತು. ಬ್ಯಾರೆಲ್‌ಗೆ 150ರಂತೆ 15,000 ರೂಪಾಯಿ ಗಳಿಕೆ, ಪ್ರೀಮಿಯಂ ಕಳೆದರೆ 5,000 ರೂಪಾಯಿ ಲಾಭ.

ಆದರೆ ಈ ಲಾಭ ನಗದಾಗಿ ಬಂದು ವ್ಯವಹಾರ ಮುಗಿಯುವುದಿಲ್ಲ. ಆ ವ್ಯಕ್ತಿ ಬೇಡವೆಂದು ಸೂಚನೆ ಕೊಡದಿದ್ದರೆ, ಅಂದು ರಾತ್ರಿ ಅವರ ಖಾತೆಯಲ್ಲಿ 6,000 ರೂಪಾಯಿ ಬೆಲೆಗೆ ಕೊಂಡ ಒಂದು ಫ್ಯೂಚರ್ಸ್ ಲಾಟ್ ಬಂದು ಕೂರುತ್ತದೆ. 15,000 ರೂಪಾಯಿ ಜಮೆಯಾಗುವುದು ನಿಜ. ಜೊತೆಗೆ 6,15,000 ರೂಪಾಯಿ ಮೌಲ್ಯದ ಒಪ್ಪಂದಕ್ಕೆ ಮಾರ್ಜಿನ್ ಕಟ್ಟಬೇಕು. ಅದು ಶೇಕಡಾ 30 ಎಂದಿಟ್ಟುಕೊಂಡರೂ 1,84,500 ರೂಪಾಯಿ ಆಯಿತು. ಹತ್ತು ಸಾವಿರದೊಂದಿಗೆ ಬಂದವರ ಬಳಿ ಅಷ್ಟು ಹಣ ಇರಲೇಬೇಕೆಂದೇನಿಲ್ಲ.

ಮರುದಿನ ತೈಲ 300 ರೂಪಾಯಿ ಇಳಿಯಿತು ಎನ್ನಿ. ಖಾತೆಯಿಂದ 30,000 ಹೋಗುತ್ತದೆ. ಹಿಂದಿನ ದಿನದ 15,000 ಜಮೆ ಕರಗಿ ಅಷ್ಟೇ ನಷ್ಟ ನಿಲ್ಲುತ್ತದೆ, ಪ್ರೀಮಿಯಂ ಸೇರಿಸಿದರೆ ಒಟ್ಟು 25,000. ‘ಪ್ರೀಮಿಯಂ ಮೀರದು’ ಎಂದಿದ್ದ ನಷ್ಟ ಅದರ ಎರಡೂವರೆ ಪಟ್ಟಾಯಿತು. ಇಲ್ಲಿ ಯಾರೂ ಮೋಸ ಮಾಡಿಲ್ಲ. ಆಪ್ಷನ್‌ನ ರಕ್ಷಣೆ ಹಿಂದಿನ ರಾತ್ರಿಯೇ ಮುಗಿದಿತ್ತು, ಅಷ್ಟೆ.

ಇದೇ ಜಾಗದಲ್ಲಿ ಷೇರಿನ ಆಪ್ಷನ್ ಇಟ್ಟು ನೋಡಿ. ಭಾರತದಲ್ಲಿ 2019ರ ಅಕ್ಟೋಬರ್‌ನಿಂದ ಎಲ್ಲ ಬಿಡಿ ಷೇರುಗಳ ಆಪ್ಷನ್‌ಗಳೂ ಷೇರು ವಿತರಣೆಯಲ್ಲೇ ಮುಗಿಯುತ್ತವೆ. (ನಿಫ್ಟಿಯಂಥ ಸೂಚ್ಯಂಕಗಳದ್ದು ನಗದಿನಲ್ಲಿ ಮುಗಿಯುತ್ತದೆ, ಅದು ಬೇರೆ ವಿಷಯ.) ಸ್ಟ್ರೈಕ್ 1,000 ರೂಪಾಯಿ, ಲಾಟ್ 500 ಷೇರು, ಕೊನೆಯ ದಿನದ ಬೆಲೆ 1,040 ಎಂದಾದರೆ, ಕಾಲ್ ಹಿಡಿದವರು ಪೂರ್ತಿ 5 ಲಕ್ಷ ಕೊಟ್ಟು 5.20 ಲಕ್ಷ ಬೆಲೆಯ ಷೇರು ಪಡೆಯಬೇಕು. ಹೊರೆ ಇಲ್ಲೂ ದೊಡ್ಡದು. ಅದಕ್ಕಾಗಿಯೇ ಕೊನೆಯ ಕೆಲವು ದಿನ, ಲಾಭದಲ್ಲಿರುವ ಆಪ್ಷನ್ ಕೊಂಡವರಿಂದಲೂ ದಿನೇದಿನೇ ಏರುವ ವಿತರಣಾ ಮಾರ್ಜಿನ್ ಕೇಳಲಾಗುತ್ತದೆ. ಆದರೆ ಹಣ ಕೊಟ್ಟ ಮೇಲೆ ಷೇರು ಅವರದು. ಬೆಲೆ ಇಳಿದರೂ ಪ್ರತಿದಿನ ಸಂಜೆ ಹಣ ಕೇಳುವವರಿಲ್ಲ, ವರ್ಷಗಟ್ಟಲೆ ಇಟ್ಟುಕೊಳ್ಳಬಹುದು. ಷೇರಿನ ಬೆಲೆ ಸೊನ್ನೆಗಿಂತ ಕೆಳಗೆ ಹೋಗುವುದೂ ಇಲ್ಲ.

ತೈಲದ ಫ್ಯೂಚರ್ಸ್ ಹೋಗಬಲ್ಲದು, ಹೋಗಿದೆ. 2020ರ ಏಪ್ರಿಲ್ 20ರಂದು ಅಮೆರಿಕದ ನೈಮೆಕ್ಸ್‌ನಲ್ಲಿ ಮೇ ತಿಂಗಳ ತೈಲ ಒಪ್ಪಂದ ಬ್ಯಾರೆಲ್‌ಗೆ ಮೈನಸ್ 37.63 ಡಾಲರ್‌ಗೆ ಮುಗಿಯಿತು. ಎಂಸಿಎಕ್ಸ್‌ನ ಏಪ್ರಿಲ್ ಒಪ್ಪಂದ ಇತ್ಯರ್ಥವಾಗಬೇಕಿದ್ದದ್ದು ಅದೇ ಬೆಲೆಯ ಮೇಲೆ. ಲಾಕ್‌ಡೌನ್ ಕಾರಣಕ್ಕೆ ಮುಂಬೈಯಲ್ಲಿ ವಹಿವಾಟು ಸಂಜೆ 5ಕ್ಕೇ ನಿಂತಿತ್ತು, ಆಗಿನ ಬೆಲೆ 965 ರೂಪಾಯಿ. ಕುಸಿತವಾದದ್ದು ನಮ್ಮ ನಡುರಾತ್ರಿಯ ಹೊತ್ತಿಗೆ. ಕೊನೆಗೆ ಇತ್ಯರ್ಥದ ಬೆಲೆ ಮೈನಸ್ 2,884 ರೂಪಾಯಿ ಎಂದು ನಿಗದಿಯಾಯಿತು. ಸಂಜೆ ಒಂದು ಲಾಟ್ ಕೊಂಡು ಹಿಡಿದು ಕುಳಿತವರ ನಷ್ಟ 3,84,900 ರೂಪಾಯಿ. ಆಪ್ಷನ್‌ನಿಂದ ಫ್ಯೂಚರ್ಸ್‌ಗೆ ಬಂದು, ಮಾರದೆ ಉಳಿದವರು ಯಾರಾದರೂ ಇದ್ದಿದ್ದರೆ ಅವರಿಗೂ ಇದೇ ಬೆಲೆ ಅನ್ವಯಿಸುತ್ತಿತ್ತು.

ಆ ದಿನ ಇನ್ನೊಂದು ವ್ಯತ್ಯಾಸವನ್ನೂ ಬಯಲು ಮಾಡಿತು. ನೈಮೆಕ್ಸ್‌ನಲ್ಲಿ ಮೇ ಒಪ್ಪಂದ ಸೊನ್ನೆಗಿಂತ ಕೆಳಗಿದ್ದಾಗಲೇ ಜೂನ್ ಒಪ್ಪಂದ 20.43 ಡಾಲರ್‌ಗೆ ಮುಗಿದಿತ್ತು. ತೈಲ ತುಂಬಿಡಲು ಮೇ ತಿಂಗಳಿಗೆ ಜಾಗವಿಲ್ಲದಿದ್ದದ್ದೇ ಕಾರಣ. ಷೇರಿನಲ್ಲಿ ಈ ತಿಂಗಳ ಆಪ್ಷನ್ ಆಗಲಿ ಮುಂದಿನ ತಿಂಗಳದ್ದಾಗಲಿ, ಹಿಂದಿರುವುದು ಒಂದೇ ಷೇರು. ಸರಕಿನಲ್ಲಿ ತಿಂಗಳಿಗೊಂದು ಫ್ಯೂಚರ್ಸ್, ಅದರದರ ಬೆಲೆ ಅದರದು. ಹತ್ತಿರದ ತಿಂಗಳ ಆಪ್ಷನ್ ಮಾರಿ ದೂರದ ತಿಂಗಳದ್ದನ್ನು ಕೊಂಡವರು ತಮ್ಮ ಅಪಾಯ ಸರಿದೂಗಿತು ಎಂದುಕೊಂಡರೆ, ಅವರು ಹಿಡಿದಿರುವುದು ಎರಡು ಬೇರೆ ಸರಕುಗಳನ್ನೇ ಎನ್ನಬೇಕು.

ಆಪ್ಷನ್ ಮಾರುವವರ ಮಾರ್ಜಿನ್‌ನಲ್ಲಿ ಈ ಭೇದ ಅಮೆರಿಕದಲ್ಲಿ ಹೆಚ್ಚು ಸ್ಪಷ್ಟ. ಅಲ್ಲಿ ಸಾಮಾನ್ಯ ಖಾತೆಯಲ್ಲಿ ಷೇರಿನ ಕಾಲ್ ಮಾರಿದರೆ ಸೂತ್ರ ಸಿದ್ಧವಿದೆ: ಪ್ರೀಮಿಯಂ ಜೊತೆಗೆ ಷೇರು ಬೆಲೆಯ ಶೇಕಡಾ 20, ಸ್ಟ್ರೈಕ್ ದೂರವಿದ್ದರೆ ಅದರಲ್ಲಿ ಕಡಿತ, ಆದರೂ ಒಂದು ಕನಿಷ್ಠ ಮಿತಿ. ಫ್ಯೂಚರ್ಸ್ ಆಪ್ಷನ್‌ಗೆ ಷಿಕಾಗೊ ಮರ್ಕಂಟೈಲ್ ಎಕ್ಸ್‌ಚೇಂಜ್ 1988ರಲ್ಲಿ ರೂಪಿಸಿದ ಸ್ಪ್ಯಾನ್ ಪದ್ಧತಿ ಬಂತು. ಅದು ಖಾತೆಯಲ್ಲಿರುವ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡು, ಬೆಲೆ ಮತ್ತು ಏರಿಳಿತ ಬದಲಾಗುವ 16 ಸನ್ನಿವೇಶಗಳಲ್ಲಿ ಅತಿ ಕೆಟ್ಟ ನಷ್ಟ ಎಷ್ಟೆಂದು ನೋಡುತ್ತದೆ.

ಭಾರತದಲ್ಲಿ ಷೇರಿಗೂ ಸರಕಿಗೂ ಸ್ಪ್ಯಾನ್ ಆಧಾರವೇ ಇದೆ, ಮೇಲೆ ಹೆಚ್ಚುವರಿ ಮಾರ್ಜಿನ್‌ಗಳು ಸೇರುತ್ತವೆ. ಆದರೂ ಒಂದು ಕಡೆ ಭೇದ ಉಳಿದಿದೆ. ತೈಲದ ಫ್ಯೂಚರ್ಸ್ ಕೊಂಡು ಅದೇ ತಿಂಗಳ ಕಾಲ್ ಮಾರಿದರೆ ಎರಡೂ ಒಂದೇ ಕ್ಲಿಯರಿಂಗ್ ಸಂಸ್ಥೆಯಲ್ಲಿರುವುದರಿಂದ ಒಂದರ ಅಪಾಯ ಇನ್ನೊಂದರಲ್ಲಿ ಕಳೆದು ಮಾರ್ಜಿನ್ ಇಳಿಯುತ್ತದೆ. ಷೇರನ್ನು ಡಿಮ್ಯಾಟ್‌ನಲ್ಲಿಟ್ಟುಕೊಂಡು ಕಾಲ್ ಮಾರಿದವರಿಗೆ ಹಾಗೆ ತಾನಾಗಿ ರಿಯಾಯಿತಿ ಸಿಗುವುದಿಲ್ಲ. ಷೇರನ್ನು ಅಡವಿಟ್ಟು, ಅದರ ಬೆಲೆಯಲ್ಲಿ ಒಂದು ಪಾಲು ಕಡಿತವಾಗಿ ಉಳಿದದ್ದನ್ನು ಮಾರ್ಜಿನ್ ಆಗಿ ತೋರಿಸಬಹುದು.

ತೈಲದ ಆಪ್ಷನ್ ಕೊಂಡವರು ನೋಡಬೇಕಾದ ತಾರೀಖು ಎರಡು: ಆಪ್ಷನ್ ಮುಗಿಯುವುದು, ಅದಾಗಿ ಎರಡು ವಹಿವಾಟು ದಿನಗಳಿಗೆ ಫ್ಯೂಚರ್ಸ್ ಮುಗಿಯುವುದು. ಮೊದಲ ತಾರೀಖು ಹತ್ತಿರವಾದಂತೆ ಕ್ಲಿಯರಿಂಗ್ ಸಂಸ್ಥೆ, ಆಪ್ಷನ್ ಫ್ಯೂಚರ್ಸ್ ಆದರೆ ಎಷ್ಟು ಮಾರ್ಜಿನ್ ಬೇಕಾದೀತೆಂಬ ಅಂದಾಜನ್ನು ಬ್ರೋಕರ್‌ಗಳಿಗೆ ಮುಂಚೆಯೇ ಕಳಿಸುತ್ತದೆ, ಲಾಭದಲ್ಲಿರುವ ಆಪ್ಷನ್‌ಗಳಿಗೆ ಹೆಚ್ಚುವರಿ ಮಾರ್ಜಿನ್ ಹೇರುತ್ತದೆ. ಕೊಂಡು ಸುಮ್ಮನಿದ್ದ ಖಾತೆಯಲ್ಲಿ ಇದ್ದಕ್ಕಿದ್ದಂತೆ ಮಾರ್ಜಿನ್ ಕೊರತೆ ಕಾಣಿಸಿದರೆ ಅದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಫ್ಯೂಚರ್ಸ್ ಬೇಡದವರು ಆ ಹೊತ್ತಿಗೆ ಆಪ್ಷನ್ನನ್ನು ಮಾರುಕಟ್ಟೆಯಲ್ಲೇ ಮಾರಿ 15,000 ಅಥವಾ ಅದರ ಆಸುಪಾಸಿನ ಹಣ ಪಡೆಯಬಹುದು. ಕೊಳ್ಳುವವರು ಸಿಗದಷ್ಟು ದೂರದ ಸ್ಟ್ರೈಕ್ ಆಗಿದ್ದರೆ, ಅದು ತಾನಾಗಿ ಫ್ಯೂಚರ್ಸ್ ಆಗದಂತೆ ಬ್ರೋಕರ್‌ಗೆ ಸೂಚನೆ ಕೊಡಬಹುದು, ಆದರೆ ಆಗ ಆ ಗಳಿಕೆಯನ್ನೂ ಬಿಟ್ಟುಕೊಡಬೇಕಾಗುತ್ತದೆ.