ದೇವರ ಮನೆಯ ರೆಂಡರ್: ಮೃದು ಬೆಳಕಿನಲ್ಲಿ ಹಿತ್ತಾಳೆ ಮತ್ತು ಕೆತ್ತನೆ

ದೇವರ ಮನೆಯನ್ನು ಕಟ್ಟುವ ಮೊದಲೇ ಅದು ಹೇಗಿರುತ್ತದೆಂದು ಕಂಪ್ಯೂಟರಿನಲ್ಲಿ ಮೂಡಿಸುವ ತ್ರೀಡಿ ಚಿತ್ರಕ್ಕೆ ಒಳಾಂಗಣ ವಿನ್ಯಾಸಕರು ರೆಂಡರ್ ಎನ್ನುತ್ತಾರೆ. ಇಂಥ ಚಿತ್ರದಲ್ಲಿ ಮೃದು ಬೆಳಕಿಗೂ ಮರದ ಕೆತ್ತನೆಗೂ ಅಷ್ಟಾಗಿ ಹೊಂದಿಕೆಯಿಲ್ಲ. ಕೆತ್ತನೆ ಕಣ್ಣಿಗೆ ಕಾಣುವುದೇ ತನ್ನ ನೆರಳುಗಳಿಂದ. ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬಿದ್ದರೆ ಮಂಟಪದ ಬಳ್ಳಿ, ಹೂವುಗಳು ಕಾಗದದ ಮೇಲೆ ಅಚ್ಚು ಹಾಕಿದಂತೆ ಚಪ್ಪಟೆಯಾಗುತ್ತವೆ.

ಐದು ಅಡಿ ಅಗಲ, ಆರು ಅಡಿ ಉದ್ದದ ಒಂದು ಕೋಣೆ ಇದೆ ಎನ್ನೋಣ. ಹಿಂಗೋಡೆಗೆ ಮೂರಡಿ ಅಗಲದ ತೇಗದ ಮಂಟಪ, ಅದರ ಎರಡು ಬದಿಗೆ ಹಿತ್ತಾಳೆಯ ದೀಪದ ಕಂಬಗಳು. ನೆರಳಿನ ಅಂಚು ಎಷ್ಟು ಮೆತ್ತಗಿರಬೇಕೆಂಬುದು ದೀಪ ಎಷ್ಟು ದೊಡ್ಡದು, ಎಷ್ಟು ಹತ್ತಿರ ಇದೆ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ನಾಲ್ಕಡಿ ಅಗಲದ ಒಂದೇ ಬೆಳಕನ್ನು ಎಡಗಡೆ ಮೇಲಿನಿಂದ ಓರೆಯಾಗಿ ಇಳಿಸಿದರೆ ಸಾಕು. ನೆರಳು ಉಳಿಯುತ್ತದೆ, ಅದರ ಅಂಚು ಮಾತ್ರ ಕರಗುತ್ತದೆ. ಬಲಗಡೆಗೆ ಬೇರೆ ದೀಪ ಬೇಡ. ತಿಳಿ ಬಣ್ಣದ ಗೋಡೆಯಿಂದ ಮರಳುವ ಬೆಳಕೇ ಸಾಲುತ್ತದೆ.

ಹಿತ್ತಾಳೆಯ ತೊಂದರೆ ಬೇರೆ. ಲೋಹ ತನ್ನ ಎದುರಿಗಿರುವುದನ್ನೇ ಪ್ರತಿಫಲಿಸುತ್ತದೆ. ಒಳಗಡೆ ಚೆನ್ನಾಗಿ ಕಾಣಲೆಂದು ವಿನ್ಯಾಸಕರು ಕೋಣೆಯ ಮುಂಗೋಡೆಯನ್ನು ತೆಗೆದುಹಾಕಿರುತ್ತಾರೆ. ಆ ಜಾಗದಲ್ಲಿ ಏನೂ ಇಲ್ಲದ ಕತ್ತಲು. ದೀಪದ ಕಂಬ ಆ ಕತ್ತಲನ್ನೇ ತೋರಿಸಿ ಕಂದುಗಪ್ಪಾಗುತ್ತದೆ. ಇದನ್ನು ನೋಡಿ ಹಿತ್ತಾಳೆಯ ಹಳದಿಯನ್ನು ಹೆಚ್ಚಿಸಿದರೆ ಪ್ಲಾಸ್ಟಿಕ್ಕಿನಂತಾದೀತೇ ಹೊರತು ಹೊಳಪು ಬರುವುದಿಲ್ಲ. ಕ್ಯಾಮೆರಾದ ಹಿಂದೆ ಕೆನೆ ಬಣ್ಣದ ಒಂದು ದೊಡ್ಡ ಹಲಗೆ ನಿಲ್ಲಿಸಿದರೆ ಹಿತ್ತಾಳೆ ತಾನಾಗಿ ಬೆಳಗುತ್ತದೆ. ಬ್ಲೆಂಡರ್ ತಂತ್ರಾಂಶದಲ್ಲಿ Metallic ಮೌಲ್ಯ 1 ಇರಲಿ, Roughness ಸುಮಾರು 0.25 ಇರಲಿ. ಹುಣಸೆಹಣ್ಣು ಹಚ್ಚಿ ಉಜ್ಜಿದ ಹಿತ್ತಾಳೆ ಎಷ್ಟೇ ಹೊಳೆದರೂ ಕನ್ನಡಿಯಾಗುವುದಿಲ್ಲವಲ್ಲ, ಆ ಸಣ್ಣ ಗೀರುಗಳ ಮಸುಕಿಗೆ ಈ ಅಂಕಿ ಹೊಂದುತ್ತದೆ.

ಬತ್ತಿಯ ಜ್ವಾಲೆಯಿಂದಲೇ ಕೋಣೆಯನ್ನು ಬೆಳಗಿಸಲು ಹೊರಟರೆ ಗೋಡೆಯ ಮೇಲೆಲ್ಲ ಬಿಳಿ ಚುಕ್ಕೆಗಳು ಏಳುತ್ತವೆ. ಅಷ್ಟು ಚಿಕ್ಕ, ಪ್ರಖರ ಮೂಲದತ್ತ ಲೆಕ್ಕಾಚಾರದ ಕಿರಣಗಳು ಅಪರೂಪಕ್ಕೆ ತಲುಪುವುದೇ ಇದಕ್ಕೆ ಕಾರಣ. ಜ್ವಾಲೆಯನ್ನು ಮಂದವಾಗಿಟ್ಟು, ಅದರ ಹತ್ತಿರ ಕಣ್ಣಿಗೆ ಕಾಣದ ಒಂದು ಪುಟ್ಟ ದೀಪ ಇಡುವುದು ರೂಢಿ. ಅದರ ವರ್ಣತಾಪ ಸುಮಾರು 1900 ಕೆಲ್ವಿನ್, ದೊಡ್ಡ ಬೆಳಕಿನದು 3000. ಎರಡೂ ಒಂದೇ ಹಳದಿಯಾದರೆ ತೇಗ, ಹಿತ್ತಾಳೆ, ಗೋಡೆ ಎಲ್ಲ ಅರಿಸಿನದ ನೀರಿನಲ್ಲಿ ಅದ್ದಿದಂತಾಗುತ್ತದೆ.

ಗಂಟೆ, ಹಾರ, ಆರತಿ ತಟ್ಟೆ, ಪಟಗಳನ್ನೆಲ್ಲ ತುಂಬುವ ಆಸೆ ಸಹಜ. ಆದರೆ ಹೊಳೆಯುವ ಪ್ರತಿ ವಸ್ತುವೂ ಕಣ್ಣನ್ನು ತನ್ನತ್ತ ಸೆಳೆದು ಮೂರ್ತಿಯಿಂದ ದೂರ ಒಯ್ಯುತ್ತದೆ. ಚಿತ್ರವನ್ನು ಕಪ್ಪು-ಬಿಳುಪಿಗೆ ಬದಲಿಸಿ ಅಂಗೈಯಷ್ಟು ಚಿಕ್ಕದು ಮಾಡಿ ನೋಡಿದರೆ ಇದು ತಿಳಿಯುತ್ತದೆ: ಮೊದಲು ಮಂಟಪದ ಒಳಗಿನ ಬೆಳಕು, ಆಮೇಲೆ ಎರಡು ಕಂಬಗಳು ಕಾಣಬೇಕು. ಮೂರನೆಯದೇನಾದರೂ ಮುಂದೆ ಬಂದರೆ ಅದನ್ನು ತೆಗೆಯಬೇಕು.